ಶೇಕಡಾ ಹತ್ತರ ತಪ್ಪು, ಶೇಕಡಾ ನಲವತ್ತರ ಸರಿ

ಸಣ್ಣಕತೆಯೊಂದರ ಮೇಲಿನ ಉಪನ್ಯಾಸದ ವಿಡಿಯೋಗೆ ಅಡಿಬರಹ ಹಾಕುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ಎರಡು ತಂತ್ರಾಂಶಗಳು ಅದೇ ಮಾತನ್ನು ಕೇಳಿ ಎರಡು ಪಠ್ಯ ಕೊಟ್ಟಿದ್ದವು. ತಪ್ಪಿನ ದರ ಕಡಿಮೆಯಿದ್ದದ್ದನ್ನು ಆರಿಸಿ ಹಾಕಿದೆ. ಕಿವಿ ಸರಿಯಾಗಿ ಕೇಳಿಸದ ವಿದ್ಯಾರ್ಥಿನಿಯೊಬ್ಬಳು ಅದನ್ನು ಓದಿ, "ಸರ್, ತಾಯಿ ಕ್ಷಮಿಸಿದ ಮೇಲೆ ಕತೆಯಲ್ಲಿ ಉಳಿಯುವುದೇನು?" ಎಂದು ಕೇಳಿದಳು. ಆ ಕತೆಯಲ್ಲಿ ತಾಯಿ ಕ್ಷಮಿಸುವುದೇ ಇಲ್ಲ.

ನಾನು ನಂಬಿದ್ದ ಅಂಕಿಯ ಹೆಸರು ವರ್ಡ್ ಎರರ್ ರೇಟ್. ಮನುಷ್ಯರು ಕೇಳಿ ಬರೆದ ಮೂಲಪಠ್ಯದ ಪಕ್ಕದಲ್ಲಿ ಅಡಿಬರಹವನ್ನಿಟ್ಟು ಪದಕ್ಕೆ ಪದ ಹೋಲಿಸುತ್ತಾರೆ. ಬದಲಾದ ಪದ, ಬಿಟ್ಟುಹೋದ ಪದ, ಹೆಚ್ಚಾಗಿ ಸೇರಿಕೊಂಡ ಪದ, ಈ ಮೂರನ್ನೂ ಕೂಡಿಸಿ ಮೂಲದ ಒಟ್ಟು ಪದಗಳಿಂದ ಭಾಗಿಸುತ್ತಾರೆ. ಒಂದು ಸಾಲನ್ನು ಇನ್ನೊಂದಾಗಿಸಲು ಕನಿಷ್ಠ ಎಷ್ಟು ತಿದ್ದುಪಡಿ ಬೇಕು ಎಂಬ ಈ ಎಣಿಕೆಯ ಹಿಂದಿರುವುದು ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ 1965ರಲ್ಲಿ ಮುಂದಿಟ್ಟ ಅಳತೆ. ಅದು ದೂರವನ್ನು ಅಳೆಯುತ್ತದೆ. ಅರ್ಥ ಅದರ ಲೆಕ್ಕಕ್ಕೇ ಬರುವುದಿಲ್ಲ.

ಉಪನ್ಯಾಸಕರು ಹೇಳಿದ ವಾಕ್ಯ ಇದು: "ಈ ಕತೆಯಲ್ಲಿ ತಾಯಿ ಕೊನೆಗೂ ಮಗನನ್ನು ಕ್ಷಮಿಸಳು, ಸುಮ್ಮನೆ ಅವನಿಗೆ ಊಟ ಬಡಿಸುತ್ತಾಳೆ." ಒಟ್ಟು 10 ಪದ.

ನಾನು ಬಿಟ್ಟ ಪಠ್ಯದಲ್ಲಿ ಹೀಗಿತ್ತು: "ಈ ಕಥೆಯಲ್ಲಿ ತಾಯಿ ಕೊನೆಗೂ ಮಗನನ್ನ ಕ್ಷಮಿಸಳು ಸುಮ್ಮನೆ ಅವನಿಗೆ ಊಟಬಡಿಸುತ್ತಾಳೆ." ಅಲ್ಪವಿರಾಮವನ್ನು ಸಾಮಾನ್ಯವಾಗಿ ಎಣಿಕೆಗೆ ಮುಂಚೆಯೇ ತೆಗೆದುಬಿಡುತ್ತಾರೆ. ಕತೆ ಕಥೆಯಾದದ್ದು ಒಂದು ತಪ್ಪು, ಮಗನನ್ನು ಮಗನನ್ನ ಆದದ್ದು ಇನ್ನೊಂದು. ಕೊನೆಯ ಎರಡು ಪದ ಅಂಟಿಕೊಂಡದ್ದಕ್ಕೆ ಎರಡು: ಒಂದು ಪದ ಬದಲಾಯಿತು, ಒಂದು ಕಾಣೆಯಾಯಿತು. ಹತ್ತರಲ್ಲಿ ನಾಲ್ಕು, ಅಂದರೆ ಶೇ. 40. ಓದುವವರಿಗೆ ಮಾತ್ರ ಒಂದಿಷ್ಟೂ ತೊಡಕಿಲ್ಲ.

ನಾನು ಆರಿಸಿದ ಪಠ್ಯದಲ್ಲಿ ಉಳಿದ ಒಂಬತ್ತು ಪದವೂ ಮುತ್ತು ಪೋಣಿಸಿದಂತಿದ್ದವು. "ಕ್ಷಮಿಸಳು" ಎಂಬುದು "ಕ್ಷಮಿಸುವಳು" ಆಗಿತ್ತು, ಅಷ್ಟೇ. ತಪ್ಪಿನ ದರ ಶೇ. 10. ಕತೆ ತಲೆಕೆಳಗಾಗಿತ್ತು. ಕ್ಷಮಿಸದ ತಾಯಿ ಬಡಿಸುವ ಊಟ ಬೇರೆ, ಕ್ಷಮಿಸಿದ ತಾಯಿ ಬಡಿಸುವ ಊಟ ಬೇರೆ. ವಾಕ್ಯ ಎರಡು ಕಡೆಯೂ ಸರಾಗವಾಗಿರುವುದರಿಂದ ಓದುಗರಿಗೆ ಅನುಮಾನವೂ ಬರುವುದಿಲ್ಲ.

ಇದರಲ್ಲಿ ಕನ್ನಡದ ಪಾಲೂ ಇದೆ. ಇಂಗ್ಲಿಷಿನ "ನಾಟ್" ಬೇರೆ ಪದವಾಗಿ ನಿಲ್ಲುತ್ತದೆ. ನಮ್ಮ ನಿಷೇಧ ಕ್ರಿಯಾಪದದ ಒಳಗೇ ಅಡಗಿರಬಲ್ಲದು. ಮಾಡುವಳು, ಮಾಡಳು, ಬರುವನು, ಬಾರನು. ಇಂಥ ರೂಪಗಳಲ್ಲಿ "ಇಲ್ಲ" ಎಂದು ಹೇಳುವ ಪ್ರತ್ಯೇಕ ಅಕ್ಷರವೇ ಇರುವುದಿಲ್ಲ. ಜೊತೆಗೆ ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲವನ್ನೂ ಒಂದೇ ಪದ ಹೊತ್ತಿರುವಾಗ, ಪದದಲ್ಲಿ ಎಲ್ಲಿ ತಪ್ಪಿದರೂ ಈ ಎಣಿಕೆ ಕೊಡುವ ಶಿಕ್ಷೆ ಒಂದೇ.

ಹಾಗಾದರೆ ಪದದ ಬದಲು ಅಕ್ಷರ ಎಣಿಸೋಣ ಎನ್ನುವವರಿದ್ದಾರೆ. ಕನ್ನಡಕ್ಕೆ ಅದು ಎಷ್ಟೋ ನ್ಯಾಯವಾದ ಅಳತೆ ಹೌದು, ಅಂಟಿದ ಪದಗಳ ದಂಡ ಇಳಿಯುತ್ತದೆ. ಕಂಪ್ಯೂಟರ್ ಎಣಿಸುವ ಹಾಗೆ ಸ್ವರಚಿಹ್ನೆಯನ್ನೂ ಖಾಲಿ ಜಾಗವನ್ನೂ ಒಂದೊಂದಾಗಿ ಎಣಿಸಿದರೆ, ನಾನು ಬಿಟ್ಟ ಪಠ್ಯಕ್ಕೆ ಮೂರು ತಪ್ಪು, ಆರಿಸಿದ್ದಕ್ಕೆ ಎರಡು. ಅಂತರ ಕಡಿಮೆಯಾಯಿತು, ಗೆದ್ದದ್ದು ಮಾತ್ರ ಮತ್ತೆ ಸುಳ್ಳು ಹೇಳಿದ ಸಾಲೇ.

ನೇರಪ್ರಸಾರದ ಅಡಿಬರಹಗಳಿಗೆಂದು ರೂಪುಗೊಂಡ ಎನ್‌ಇಆರ್ ಎಂಬ ಪದ್ಧತಿ ತಪ್ಪುಗಳನ್ನು ತೂಗುತ್ತದೆ. ಸಣ್ಣ ತಪ್ಪಿಗೆ 0.25, ಓದನ್ನು ಕೆಡಿಸುವ ತಪ್ಪಿಗೆ 0.5, ಸುಳ್ಳನ್ನೇ ನಿಜವೆಂದು ನಂಬಿಸುವ ತಪ್ಪಿಗೆ 1. ಅರ್ಥ ಕೆಡದ ಬದಲಾವಣೆಗೆ ದಂಡವಿಲ್ಲ. ಇಲ್ಲಿ "ಕ್ಷಮಿಸುವಳು" ಪೂರ್ತಿ 1 ಕಳೆದುಕೊಳ್ಳುತ್ತದೆ, "ಕಥೆ" ಏನನ್ನೂ ಕಳೆದುಕೊಳ್ಳುವುದಿಲ್ಲ. ಆದರೆ ಇದಕ್ಕೆ ಭಾಷೆ ಬಲ್ಲವರೊಬ್ಬರು ಕೂತು ಪ್ರತಿ ತಪ್ಪನ್ನೂ ನೋಡಿ ತೀರ್ಮಾನಿಸಬೇಕು, ಇಬ್ಬರು ಕೂತರೆ ತೀರ್ಮಾನ ಎರಡಾಗಲೂಬಹುದು. ಒಂಟಿ ಅಂಕಿ ಅಗ್ಗವಾಗಿ, ಕ್ಷಣದಲ್ಲಿ ಸಿಗುತ್ತದೆ. ಅದರ ಜನಪ್ರಿಯತೆಯ ಗುಟ್ಟೂ ಅದೇ.

ಆ ಅಂಕಿಯನ್ನು ನಾನು ಎಸೆದಿಲ್ಲ. ಅದೇ ಧ್ವನಿ, ಅದೇ ಮೂಲಪಠ್ಯ, ಅದೇ ಕಾಗುಣಿತದ ನಿಯಮ ಇಟ್ಟುಕೊಂಡು ಒಂದು ತಂತ್ರಾಂಶದ ಹಳೆಯ ಹೊಸ ಆವೃತ್ತಿಗಳನ್ನು ಹೋಲಿಸಲು ಅದು ಸಾಕು. ಅಡಿಬರಹವನ್ನು ಓದುಗರ ಮುಂದಿಡುವ ಮುಂಚೆ ಮಾತ್ರ ಈಗ ಎರಡು ಕೆಲಸ ಮಾಡುತ್ತೇನೆ. ಕತೆ–ಕಥೆಯಂಥ ಜೋಡಿಗಳನ್ನು ಒಂದೇ ರೂಪಕ್ಕೆ ತಂದು ಮತ್ತೆ ಎಣಿಸುತ್ತೇನೆ. ಆಮೇಲೆ ಉಳಿದ ತಪ್ಪುಗಳನ್ನು ಪಟ್ಟಿ ಮಾಡಿ, ನಿಷೇಧದ ಕ್ರಿಯಾಪದ, ಹೆಸರು, ಸಂಖ್ಯೆಗಳಿರುವ ಕಡೆ ಧ್ವನಿಯನ್ನು ಇನ್ನೊಮ್ಮೆ ಕೇಳುತ್ತೇನೆ.

ಆ ಸಾಲನ್ನು ತಿದ್ದಿ ವಿದ್ಯಾರ್ಥಿನಿಗೆ ಕಳಿಸಿದೆ. "ಹಾಗಾದರೆ ಆ ಊಟವೇ ಕತೆ" ಎಂದು ಉತ್ತರ ಬಂತು.