ಓಡುವ ಗೆರೆ, ಕಾಯುವ ಹಡಗು

ಪ್ರಾಚೀನ ವ್ಯಾಪಾರದ ಬಗ್ಗೆ ಇಂದು ತಯಾರಾಗುವ ಇತಿಹಾಸದ ವಿಡಿಯೊಗಳಲ್ಲಿ ಒಂದು ದೃಶ್ಯ ತಪ್ಪದೆ ಬರುತ್ತದೆ. ಕಂದು ಬಣ್ಣದ ನಕ್ಷೆಯ ಮೇಲೆ ಈಜಿಪ್ಟಿನ ದಡದಿಂದ ಕೆಂಪು ಗೆರೆಯೊಂದು ಹೊರಡುತ್ತದೆ. ಕೆಂಪು ಸಮುದ್ರ ಇಳಿದು, ಅರಬ್ಬೀ ಸಮುದ್ರ ದಾಟಿ, ಮಲಬಾರಿನ ಮುಜಿರಿಸ್ ಬಂದರಿನಲ್ಲಿ ಹೊಳೆಯುವ ಚುಕ್ಕಿಯಾಗಿ ನಿಲ್ಲುತ್ತದೆ. ಅಷ್ಟಕ್ಕೆ ನಾಲ್ಕೈದು ಸೆಕೆಂಡು. ನೋಡುಗರಿಗೆ ಇಷ್ಟ, ಶಿಕ್ಷಕರಿಗೆ ಅನುಕೂಲ. ನಕ್ಷೆಗೆ ಜೀವ ಬಂತು ಎಂಬ ಹೊಗಳಿಕೆಯೂ ಈ ತಂತ್ರಕ್ಕೆ ಸಿಕ್ಕಿದೆ. ಆದರೆ ಆ ಹೊಗಳಿಕೆ ಅದರ ಯೋಗ್ಯತೆಗೆ ಮೀರಿದ್ದು. ರೋಮ್–ಭಾರತ ವ್ಯಾಪಾರದ ವಿಚಾರದಲ್ಲಂತೂ ಓಡುವ ಗೆರೆ ಮುಖ್ಯ ಸಂಗತಿಯನ್ನೇ ಮರೆಮಾಡುತ್ತದೆ.

ಈ ಗೆರೆ ಸಿನಿಮಾದ ಸೊತ್ತು. 1942ರ ‘ಕಾಸಾಬ್ಲಾಂಕಾ’ ನಿರಾಶ್ರಿತರ ದಾರಿಯನ್ನು ನಕ್ಷೆಯ ಮೇಲೆ ತೋರಿಸುತ್ತಲೇ ಶುರುವಾಗುತ್ತದೆ. 1981ರಲ್ಲಿ ಇಂಡಿಯಾನಾ ಜೋನ್ಸ್‌ನ ವಿಮಾನದ ಹಿಂದೆ ಓಡಿದ ಕೆಂಪು ಗೆರೆ ಈ ತಂತ್ರವನ್ನು ಮನೆಮಾತು ಮಾಡಿತು. ಅಲ್ಲಿ ಅದರ ಕೆಲಸ ಒಂದೇ, ಪ್ರಯಾಣದ ಬೇಸರವನ್ನು ಕತ್ತರಿಸಿ ಪಾತ್ರವನ್ನು ಮುಂದಿನ ಊರಿಗೆ ತಲುಪಿಸುವುದು. ಕಥೆಗೆ ಅದು ಸರಿ. ಇತಿಹಾಸದ ವಿವರಣೆಯಲ್ಲಿ ಮಾತ್ರ ಹಾಗೆ ಕತ್ತರಿಸಿ ಎಸೆದ ಪ್ರಯಾಣವೇ ವಿಷಯ.

ಆ ನಾಲ್ಕೈದು ಸೆಕೆಂಡುಗಳನ್ನು ಬಿಚ್ಚಿ ನೋಡಬೇಕು. ಅದಕ್ಕೆ ಬೇಕಾದ ಅಂಕಿಗಳನ್ನು ಮೊದಲನೆಯ ಶತಮಾನದಲ್ಲಿ ರೋಮಿನ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯ ಆರನೆಯ ಸಂಪುಟದಲ್ಲಿ ಕೊಟ್ಟಿದ್ದಾನೆ. ಅಲೆಕ್ಸಾಂಡ್ರಿಯಾದ ಬಳಿಯಿಂದ ನೈಲ್ ನದಿಯ ಮೇಲೆ ಕೋಪ್ಟೋಸ್‌ಗೆ 309 ರೋಮನ್ ಮೈಲಿ, ಗಾಳಿ ಅನುಕೂಲವಾಗಿದ್ದರೆ 12 ದಿನ. ಕೋಪ್ಟೋಸ್‌ನಿಂದ ಮರುಭೂಮಿಯಲ್ಲಿ ಒಂಟೆಗಳ ಮೇಲೆ ಬೆರೆನಿಕೆಗೆ 257 ಮೈಲಿ, ಮತ್ತೆ 12 ದಿನ. ಸೆಕೆಗೆ ಹೆದರಿ ಹೆಚ್ಚಿನ ದಾರಿಯನ್ನು ರಾತ್ರಿಯೇ ನಡೆಯುತ್ತಿದ್ದರು. ಬೆರೆನಿಕೆಯಿಂದ ಕೆಂಪು ಸಮುದ್ರದ ಬಾಯಿಯಲ್ಲಿದ್ದ ಒಕೆಲಿಸ್‌ಗೆ ಸುಮಾರು 30 ದಿನ, ಅಲ್ಲಿಂದ ಮುಜಿರಿಸ್‌ಗೆ 40 ದಿನ. ಒಟ್ಟು 94 ದಿನ. ಕೊನೆಯ 40 ದಿನ ಹೆಚ್ಚಾಯಿತೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಸದ್ಯಕ್ಕೆ ಪ್ಲಿನಿಯ ಲೆಕ್ಕವನ್ನೇ ಹಿಡಿದುಕೊಳ್ಳಬಹುದು.

ಈಗ ಗೆರೆಯ ವೇಗ. ಅನಿಮೇಷನ್ ಮಾಡುವವರು ಗೆರೆಗೆ ಮೊದಲ ಮತ್ತು ಕೊನೆಯ ಬಿಂದು ಕೊಟ್ಟರೆ ಸಾಫ್ಟ್‌ವೇರ್ ನಡುವಿನ ಚಲನೆಯನ್ನು ತಾನೇ ತುಂಬಿಕೊಳ್ಳುತ್ತದೆ. ಅದು ತುಂಬುವುದು ದೂರದ ಲೆಕ್ಕದಲ್ಲಿ, ದಿನದ ಲೆಕ್ಕದಲ್ಲಲ್ಲ. ಬೆರೆನಿಕೆಯಿಂದ ಒಕೆಲಿಸ್ ಸುಮಾರು 1,500 ಕಿಲೋಮೀಟರ್, ಅಂದರೆ ದಿನಕ್ಕೆ 50. ಒಕೆಲಿಸ್‌ನಿಂದ ಮುಜಿರಿಸ್ ಸುಮಾರು 3,600 ಕಿಲೋಮೀಟರ್, ದಿನಕ್ಕೆ 90. ಮರುಭೂಮಿಯಲ್ಲಿ ದಿನಕ್ಕೆ 32 ಕಿಲೋಮೀಟರ್ ದಾಟಿದರೆ ಹೆಚ್ಚು. ಪರದೆಯ ಮೇಲೆ ಮೂರೂ ಒಂದೇ ವೇಗ. ನದಿ ಮತ್ತು ಮರುಭೂಮಿ ದೂರದಲ್ಲಿ ಏಳನೆಯ ಒಂದು ಪಾಲು ಮಾತ್ರ, ದಿನಗಳಲ್ಲಿ ಕಾಲು ಭಾಗ. ಹೀಗಾಗಿ ಬಾವಿ ತೋಡಿ, ಕಾವಲು ಗೋಪುರ ಕಟ್ಟಿ, ಒಂಟೆ ಬಾಡಿಗೆಗೆ ಹಿಡಿದು ರೋಮನ್ನರು ಕಾಪಾಡಿಕೊಂಡಿದ್ದ ಮರುಭೂಮಿಯ ಹಾದಿ ಅರೆ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಕೆಲವು ವಿಡಿಯೊಗಳಲ್ಲಿ ಗೆರೆ ನೇರ ಬೆರೆನಿಕೆಯಿಂದಲೇ ಹುಟ್ಟುವುದರಿಂದ ಅರೆ ಸೆಕೆಂಡೂ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಗೆರೆ ಮುಜಿರಿಸ್ ಮುಟ್ಟಿದ ಮೇಲೆ ಆಗುತ್ತದೆ. ಗೆರೆ ಅಲ್ಲಿಗೆ ಮುಗಿಯುತ್ತದೆ, ಇಲ್ಲವೆ ಕೂಡಲೇ ತಿರುಗಿ ಮೆಣಸಿನ ಚಿತ್ರ ಹೊತ್ತು ವಾಪಸು ಓಡುತ್ತದೆ. ಯಾವ ಹಡಗಿಗೂ ಅದು ಸಾಧ್ಯವಿರಲಿಲ್ಲ. ಪ್ಲಿನಿಯ ಪ್ರಕಾರ ಹಡಗುಗಳು ನಡುಬೇಸಗೆಯಲ್ಲಿ, ಲುಬ್ಧಕ ನಕ್ಷತ್ರದ ಉದಯದ ಆಸುಪಾಸಿನಲ್ಲಿ ಬೆರೆನಿಕೆ ಬಿಡುತ್ತಿದ್ದವು. ಜುಲೈ ನಡುವಿನಲ್ಲಿ ಹೊರಟರೆ ಆಗಸ್ಟ್ ನಡುವಿಗೆ ಒಕೆಲಿಸ್, ಸೆಪ್ಟೆಂಬರ್ ಕೊನೆಗೆ ಮಲಬಾರ್. ತಿಂಗಳುಗಳ ಈ ಆಯ್ಕೆ ಅಚ್ಚುಕಟ್ಟಾದದ್ದು. ಜೂನ್–ಜುಲೈನಲ್ಲಿ ನೈಋತ್ಯ ಮಾರುತದ ಅಬ್ಬರಕ್ಕೆ ಪಶ್ಚಿಮ ಕರಾವಳಿಯ ಬಂದರುಗಳ ಹತ್ತಿರ ಸುಳಿಯುವಂತಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಂತಿರುತ್ತದೆ. ಮೀನಿನ ಸಂತಾನಕ್ಕೆಂದು ಮಾಡಿದ ಆ ನಿಯಮ ಬರುವ ಮೊದಲೂ ಮಲ್ಪೆ, ಮಂಗಳೂರಿನ ಮೀನುಗಾರರು ಆ ತಿಂಗಳುಗಳ ಕಡಲಿಗೆ ಅಂಜಿ ದೋಣಿ ಮೇಲೆಳೆಯುತ್ತಿದ್ದರು. ಗಾಳಿಯ ಬೆನ್ನೇರಿ ಬರಬೇಕು, ಅದರ ಸಿಟ್ಟು ಇಳಿಯುವ ಹೊತ್ತಿಗೆ ದಡ ಮುಟ್ಟಬೇಕು ಎಂಬುದು ನಾವಿಕರ ಲೆಕ್ಕ.

ಮರಳುವುದಕ್ಕೆ ಈಶಾನ್ಯ ಮಾರುತ ಬೇಕು. ಪ್ಲಿನಿ ಡಿಸೆಂಬರ್ ಎನ್ನುತ್ತಾನೆ, ತಡವಾದರೂ ಜನವರಿ 13ರ ಒಳಗೆ ಹೊರಡಬೇಕು. ಅಂದರೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರಿನವರೆಗೆ ಎರಡೂವರೆ, ಮೂರು ತಿಂಗಳು ಹಡಗು ಮಲಬಾರಿನಲ್ಲೇ ಕಾಯಬೇಕು. ಮುಜಿರಿಸ್‌ನಲ್ಲಿ ಹಡಗು ದಡದಿಂದ ದೂರವೇ ಲಂಗರು ಹಾಕಬೇಕಿತ್ತು, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕಿತ್ತು. ಹತ್ತಿರದ ನಿಟ್ರಿಯಾಸ್ ಎಂಬಲ್ಲಿ ಕಡಲುಗಳ್ಳರೂ ಇದ್ದರು. ನೇತ್ರಾವತಿಯ ಹೆಸರಿನ ಹೋಲಿಕೆಯಿಂದ ಆ ಜಾಗವನ್ನು ಮಂಗಳೂರಿನ ಆಸುಪಾಸಿಗೆ ಗುರುತಿಸಿದವರಿದ್ದಾರೆ. ಬಕಾರೆ ಎಂಬ ಇನ್ನೊಂದು ರೇವು ವಾಸಿ, ಒಂದೇ ಮರ ಕೊರೆದು ಮಾಡಿದ ದೋಣಿಗಳಲ್ಲಿ ಅಲ್ಲಿಗೆ ಮೆಣಸು ಬರುತ್ತದೆ ಎಂದು ಪ್ಲಿನಿಯೇ ಬರೆದಿದ್ದಾನೆ. ವ್ಯಾಪಾರ ನಡೆದದ್ದು ಈ ಕಾಯುವ ತಿಂಗಳುಗಳಲ್ಲಿ. ಒಳನಾಡಿನಿಂದ ಮೆಣಸು ಇಳಿದದ್ದು, ಬೆಲೆ ಕುದುರಿದ್ದು, ಪರದೇಶಿಗಳು ಬಂದರಿನಲ್ಲಿ ಮನೆ ಹಿಡಿದದ್ದು ಎಲ್ಲವೂ ಗೆರೆ ನಿಂತಿರಬೇಕಾದ ಹೊತ್ತಿನಲ್ಲಿ.

ವರ್ಷವೊಂದಕ್ಕೆ 36 ಸೆಕೆಂಡು, ದಿನಕ್ಕೆ ಸೆಕೆಂಡಿನ ಹತ್ತನೆಯ ಒಂದು ಪಾಲು ಎಂದಿಟ್ಟುಕೊಂಡು ಇದನ್ನೇ ಮರುಕಟ್ಟಿದರೆ ಚಿತ್ರ ಬದಲಾಗುತ್ತದೆ. ನದಿಗೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು, ಮರುಭೂಮಿಗೆ ಅಷ್ಟೇ, ಕೆಂಪು ಸಮುದ್ರಕ್ಕೆ ಮೂರು, ಅರಬ್ಬೀ ಸಮುದ್ರಕ್ಕೆ ನಾಲ್ಕು. ಮಲಬಾರಿನಲ್ಲಿ ಎಂಟು ಸೆಕೆಂಡಿನಷ್ಟು ಚುಕ್ಕಿ ಕದಲುವುದಿಲ್ಲ. ಸುತ್ತಲಿನ ಗಾಳಿಯ ಬಾಣಗಳು ಮಾತ್ರ ನಿಧಾನಕ್ಕೆ ದಿಕ್ಕು ಬದಲಿಸುತ್ತವೆ. ಆ ಎಂಟು ಸೆಕೆಂಡು ನೋಡಿದವರಿಗೆ ಬಂದರಿನಲ್ಲಿ ಪರದೇಶಿಗಳು ಏಕೆ ನೆಲೆಸಿದರು ಎಂದು ಬೇರೆ ಹೇಳಬೇಕಾಗಿಲ್ಲ.

ಇಲ್ಲೊಂದು ಜಗಳ ತೀರಿಸಬೇಕಿದೆ. ಮಾಹಿತಿ ಚಿತ್ರಣದ ವಿಮರ್ಶಕರಲ್ಲಿ ಒಂದು ಪಂಗಡ ಅನಿಮೇಷನ್ನನ್ನೇ ತಳ್ಳಿಹಾಕುತ್ತದೆ. ಅವರ ಕೈಯಲ್ಲಿ ಎರಡು ಪ್ರಬಂಧಗಳಿರುತ್ತವೆ. ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ್ದು ಒಂದು. ಒಳ್ಳೆಯ ಸ್ಥಿರ ಚಿತ್ರಕ್ಕಿಂತ ಅನಿಮೇಷನ್ ಹೆಚ್ಚು ಕಲಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ ಎಂದು ಅದು ಹೇಳಿತು. ಇನ್ನೊಂದು ಜಾರ್ಜ್ ರಾಬರ್ಟ್‌ಸನ್ ತಂಡದ 2008ರ ಪ್ರಯೋಗ. ಹನ್ಸ್ ರೋಸ್ಲಿಂಗ್ ಜನಪ್ರಿಯಗೊಳಿಸಿದ ಚಲಿಸುವ ಗುಳ್ಳೆಗಳ ಚಾರ್ಟನ್ನು ಅದು ಸಾಲಾಗಿ ಜೋಡಿಸಿದ ಸಣ್ಣ ಸ್ಥಿರ ಚಾರ್ಟುಗಳೊಂದಿಗೆ ಹೋಲಿಸಿತು. ಜನ ಅನಿಮೇಷನ್ ಹೆಚ್ಚು ಮೆಚ್ಚಿದರು, ಅದನ್ನು ನೋಡಿ ಉತ್ತರಿಸುವಾಗ ತಪ್ಪೂ ಹೆಚ್ಚು ಮಾಡಿದರು. ಇವೆರಡನ್ನು ಹಿಡಿದು ‘ಚಲನೆ ಬೇಡ’ ಎನ್ನುವುದು ಅವಸರದ ತೀರ್ಪು. ಟ್ವೆರ್ಸ್ಕಿಯ ಪ್ರಬಂಧದಲ್ಲೇ ಇನ್ನೊಂದು ಮಾತಿದೆ. ಚಿತ್ರದ ರಚನೆ ಅದು ಹೇಳಹೊರಟ ಸಂಗತಿಯ ರಚನೆಗೆ ಹೊಂದಬೇಕು, ಚಲನೆ ಗ್ರಹಿಸುವಷ್ಟು ನಿಧಾನವಾಗಿಯೂ ಸ್ಪಷ್ಟವಾಗಿಯೂ ಇರಬೇಕು ಎನ್ನುತ್ತದೆ ಅದು. ಮಾರುತದ ವ್ಯಾಪಾರಕ್ಕೆ ಕಾಲವೇ ರಚನೆ. ಓಡುವ ಗೆರೆ ಚಲಿಸುವುದರಿಂದ ಕೆಟ್ಟದ್ದಾಗಿಲ್ಲ, ಪಂಚಾಂಗವಿಲ್ಲದೆ ಚಲಿಸುವುದರಿಂದ ಕೆಟ್ಟಿದೆ.

ಇನ್ನೊಂದು ಪಂಗಡ ಹೆಸರಿಗಾಗಿ ಜಗಳವಾಡುತ್ತದೆ. ವಿಲಿಯಂ ಡಾಲ್ರಿಂಪಲ್ ಅವರ ‘ದಿ ಗೋಲ್ಡನ್ ರೋಡ್’ 2024ರಲ್ಲಿ ಬಂದ ಮೇಲೆ ರೇಷ್ಮೆ ದಾರಿಯ ಬದಲು ಭಾರತದ ಕಡಲ ದಾರಿಯನ್ನು ತೋರಿಸಬೇಕೆಂಬ ಕೂಗು ಎದ್ದಿತು. ರೋಮಿನ ವ್ಯಾಪಾರದಲ್ಲಿ ಭಾರತದ ಪಾಲನ್ನು ಮುಂದೆ ತಂದದ್ದು ನ್ಯಾಯವೇ. ಆದರೆ ಮಧ್ಯ ಏಷ್ಯಾದ ಗೆರೆ ಅಳಿಸಿ ಅರಬ್ಬೀ ಸಮುದ್ರದ ಮೇಲೆ ಬಂಗಾರದ ಬಣ್ಣದ ಗೆರೆ ಎಳೆದ ಮಾತ್ರಕ್ಕೆ ಹಳೆಯ ದೋಷ ಹೋಗುವುದಿಲ್ಲ. ಹೊಸ ಗೆರೆಗೂ ತಿಂಗಳಿಲ್ಲ, ಗಾಳಿಯಿಲ್ಲ.

ನಕ್ಷೆಯ ಪಕ್ಕದಲ್ಲಿ ಏರಿಳಿಯುವ ಕಂಬಗಳ ಚಾರ್ಟ್ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಅಂಕಿಯ ವೇಷದಲ್ಲಿ ಬರುತ್ತದೆ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳನ್ನು ಚಕ್ರವರ್ತಿಗಳ ಕ್ರಮದಲ್ಲಿ ಜೋಡಿಸಿದರೆ ಆಗಸ್ಟಸ್, ಟೈಬೀರಿಯಸ್ ಕಾಲದಲ್ಲಿ ಕಂಬ ಎತ್ತರಕ್ಕೇರಿ, ನೀರೋನ ನಂತರ ಕುಸಿಯುತ್ತದೆ. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ ನಾಣ್ಯರಾಶಿಯಾಗಲಿ, ಚಿತ್ರದುರ್ಗದ ಚಂದ್ರವಳ್ಳಿಯ ನಾಣ್ಯಗಳಾಗಲಿ ಇದೇ ಎತ್ತರದ ಕಂಬಕ್ಕೆ ಸೇರುತ್ತವೆ. ಕಂಬ ಕುಸಿಯುವುದನ್ನು ಕಣ್ಣಾರೆ ಕಂಡ ನೋಡುಗ ವ್ಯಾಪಾರವೇ ಕುಸಿಯಿತೆಂದು ತಿಳಿಯುತ್ತಾನೆ. ನಾಣ್ಯದ ಮೇಲಿರುವ ಮುಖ ಅದು ಅಚ್ಚಾದ ಕಾಲವನ್ನು ಹೇಳುತ್ತದೆ, ಹಡಗೇರಿದ ಕಾಲವನ್ನಲ್ಲ. ಕ್ರಿ.ಶ. 64ರಲ್ಲಿ ನೀರೋ ಬೆಳ್ಳಿಯ ಅಂಶ ತಗ್ಗಿಸಿದ. ಆಮೇಲೆ ಬೆಳ್ಳಿ ತೂಗಿ ನೋಡುವ ವರ್ತಕರಿಗೆ ಹಳೆಯ ನಾಣ್ಯವೇ ಪ್ರಿಯವಾಯಿತು, ಅದು ದಶಕಗಳ ನಂತರವೂ ಕಡಲು ದಾಟಿರಬಹುದು ಎಂದು ನಾಣ್ಯತಜ್ಞರು ತೋರಿಸಿದ್ದಾರೆ.

ಕುಸಿದ ಕಂಬವನ್ನು ಸುಳ್ಳಾಗಿಸುವ ದಾಖಲೆಯೂ ಇದೆ. 1985ರಲ್ಲಿ ಪ್ರಕಟವಾದ, ವಿಯೆನ್ನಾದಲ್ಲಿರುವ ಮುಜಿರಿಸ್ ಪಪೈರಸ್ ಎರಡನೆಯ ಶತಮಾನದ್ದು. ಅದರಲ್ಲಿ ‘ಹರ್ಮಪೋಲೋನ್’ ಎಂಬ ಹಡಗಿನ ಸರಕಿನ ಲೆಕ್ಕವಿದೆ. ಗಂಗಾ ಸೀಮೆಯ ಜಟಾಮಾಂಸಿ, ಆನೆದಂತ ಎಲ್ಲ ಸೇರಿ ಆ ಒಂದೇ ಹಡಗಿನ ಸರಕಿನ ಬೆಲೆ ಸುಮಾರು 70 ಲಕ್ಷ ಸೆಸ್ಟರ್ಸ್. ನಾಣ್ಯದ ಚಾರ್ಟಿನಲ್ಲಿ ವ್ಯಾಪಾರ ನೆಲಕ್ಕಿಳಿದ ಕಾಲದಲ್ಲಿ ಇಷ್ಟು ದೊಡ್ಡ ಹೊರೆ ಈಜಿಪ್ಟ್ ಸೇರಿತ್ತು. ಇಂಥ ಕಡೆ ಕಂಬಗಳನ್ನು ಓಡಿಸಲೇಬಾರದು. ಬಿಡಿಬಿಡಿಯಾಗಿ ಸಿಕ್ಕ ಆಧಾರಗಳ ನಡುವಿನ ಖಾಲಿಯನ್ನು ಸಾಫ್ಟ್‌ವೇರ್ ನಯವಾದ ಏರಿಳಿತವಾಗಿ ತುಂಬಿದಾಗ, ಯಾರೂ ಅಳೆಯದ ವರ್ಷಗಳಿಗೂ ಅಳತೆ ಹುಟ್ಟಿಕೊಳ್ಳುತ್ತದೆ.

ಒಳ್ಳೆಯ ಮಾದರಿಗಳು ಇಲ್ಲದೆ ಇಲ್ಲ, ಅವಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ಸ್ಟ್ಯಾನ್‌ಫರ್ಡ್‌ನ ವಾಲ್ಟರ್ ಶೈಡೆಲ್ ಮತ್ತು ಎಲಿಜಾ ಮೀಕ್ಸ್ 2012ರಲ್ಲಿ ಹೊರತಂದ ‘ಆರ್ಬಿಸ್’ ರೋಮನ್ ಸಾಮ್ರಾಜ್ಯದ ಊರುಗಳ ನಡುವಿನ ಪ್ರಯಾಣವನ್ನು ದಿನ ಮತ್ತು ಖರ್ಚಿನಲ್ಲಿ ಅಳೆಯುತ್ತದೆ. ಕಾಲ ಬದಲಿಸಿದರೆ ದಾರಿಯೂ ಬದಲಾಗುತ್ತದೆ. ಹಿಂದೂ ಮಹಾಸಾಗರ ಅದರ ವ್ಯಾಪ್ತಿಯಲ್ಲಿಲ್ಲ, ಆದರೆ ಆ ವಿಧಾನ ಇಲ್ಲಿಗೂ ಒಗ್ಗುತ್ತದೆ. ಇನ್ನೂ ಹಿಂದೆ, 1686ರಲ್ಲಿ ಎಡ್ಮಂಡ್ ಹ್ಯಾಲಿ ಗಾಳಿಗಳ ನಕ್ಷೆಯೊಂದನ್ನು ಪ್ರಕಟಿಸಿದ. ಸಣ್ಣ ಗೀಟುಗಳಿಂದ ಗಾಳಿಯ ದಿಕ್ಕು ತೋರಿಸಿದ ಅವನು ಮಾರುತಗಳು ತಿರುಗುವ ಕಡಲಿನಲ್ಲಿ ಒಂದು ಸಾಲು ಆಚೆಗೆ, ಮುಂದಿನ ಸಾಲು ಈಚೆಗೆ ಬರುವಂತೆ ಗೀಟು ಹಾಕಿದ. ಕದಲದ ಕಾಗದದ ಮೇಲೆ ವರ್ಷದ ಎರಡೂ ಗಾಳಿಗಳು ಒಟ್ಟಿಗೆ ಕಾಣುತ್ತವೆ. ಇಂದಿನ ಹೆಚ್ಚಿನ ಓಡುವ ನಕ್ಷೆಗಳು ಕೊಡದ ತಿಳಿವಳಿಕೆಯನ್ನು ಆ ಹಳೆಯ ನಕ್ಷೆ ಕೊಡುತ್ತದೆ.

ಇಂಥ ವಿಡಿಯೊ ತಯಾರಿಸುವವರು ಮಾಡಬೇಕಾದ ಕೆಲಸ ಹೆಚ್ಚೇನಿಲ್ಲ. ಗೆರೆಯನ್ನು ದಿನದ ಲೆಕ್ಕಕ್ಕೆ ಕಟ್ಟಿ, ಪರದೆಯ ಮೂಲೆಯಲ್ಲಿ ತಿಂಗಳ ಹೆಸರು ಓಡಿಸಿ, ಹಡಗು ನಿಂತಾಗ ಗೆರೆಯನ್ನೂ ನಿಲ್ಲಿಸಬೇಕು. ಆಧಾರವಿರುವ ವರ್ಷಗಳಿಗೆ ಮಾತ್ರ ಕಂಬ ನೆಟ್ಟು ಉಳಿದ ಜಾಗವನ್ನು ಖಾಲಿ ಬಿಡಬೇಕು. ನೋಡುವವರೂ ಮುಂದಿನ ಸಲ ಬೆರೆನಿಕೆಯಿಂದ ಗೆರೆ ಹೊರಟಾಗ ಅದು ಯಾವ ತಿಂಗಳು ಎಂದು ಪರದೆಯ ಮೇಲೆ ಹುಡುಕಲಿ. ಸಿಗದಿದ್ದರೆ ಕೆಳಗೆ ಆ ಪ್ರಶ್ನೆಯನ್ನು ಬರೆದು ಕೇಳಲಿ.