ಹನ್ನೆರಡು ಪ್ರವಾದಿಗಳೂ ಐದು ಮಾತ್ರೆಯೂ

ಈ ವಾರ ಪೌಲನ ಪತ್ರಿಕೆಗಳ ಹಾಡಿನ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಅಲ್ಲಿ ಕಷ್ಟವೇನಿಲ್ಲ: ಮೊದಲು ಸಭೆಗಳಿಗೆ ಬರೆದವು, ಆಮೇಲೆ ವ್ಯಕ್ತಿಗಳಿಗೆ ಬರೆದವು, ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಉದ್ದದ್ದು ಮುಂದೆ, ಗಿಡ್ಡದ್ದು ಹಿಂದೆ. ಮಕ್ಕಳಿಗೆ ಇದು ತಾನಾಗಿಯೇ ಕೂರುತ್ತದೆ. ಸಂಡೇ ಸ್ಕೂಲಿನಲ್ಲಿ ನಿಜವಾದ ಏರು ಹಳೆಯ ಒಡಂಬಡಿಕೆಯ ಕೊನೆಯಲ್ಲಿದೆ. ಆದಿಕಾಂಡದಿಂದ ಗಡಗಡನೆ ಹೇಳಿಕೊಂಡು ಬಂದ ಮಗು ದಾನಿಯೇಲ ಮುಗಿದು ಹೋಶೇಯ ಬಂತೆಂದರೆ ಉಸಿರು ಕಟ್ಟಿ ನಿಲ್ಲುತ್ತದೆ.

ಇದಕ್ಕೆ ಈಗ ಚಾಲ್ತಿಯಲ್ಲಿರುವ ಮದ್ದೆಂದರೆ ಯಾವುದಾದರೂ ಇಂಗ್ಲಿಷ್ ಶಿಶುಗೀತೆಯ ಟ್ಯೂನು. ಕೀಬೋರ್ಡಿನಲ್ಲಿ ಟ್ರ್ಯಾಕ್ ಹಾಕಿ, ನಾಲ್ಕು ಪೆಟ್ಟಿನ ತಾಳಕ್ಕೆ ಹನ್ನೆರಡು ಹೆಸರನ್ನು ತುರುಕುತ್ತಾರೆ. ಓಬದ್ಯ ಹೋಗಿ ಓಬಾದ್ಯಾ ಆಗುತ್ತಾನೆ, ನಹೂಮ ನಾಹುಮ ಆಗುತ್ತಾನೆ. ಸ್ವರ ಹಿಗ್ಗಿದರೆ ಏನಾಯಿತು, ಮಕ್ಕಳಿಗೆ ಖುಷಿ ತಾನೇ ಎಂದು ಆ ಪಂಥದ ವಾದ. ಆಗುವುದು ಇಷ್ಟು: ಟ್ರ್ಯಾಕ್ ನಿಲ್ಲಿಸಿದ ಕೂಡಲೇ ಮಗು ಮೂರನೆಯ ಹೆಸರಿನಲ್ಲಿ ತಡವರಿಸುತ್ತದೆ, ಏಕೆಂದರೆ ಅದಕ್ಕೆ ನೆನಪಿದ್ದದ್ದು ಟ್ಯೂನು, ಹೆಸರಲ್ಲ.

ಕನ್ನಡ ಸತ್ಯವೇದದ ಹೆಸರುಗಳಿಗೆ ಅವುಗಳದೇ ನಡೆಯಿದೆ. ಬೆರಳೆಣಿಸಿ ನೋಡಿ. ಹೋಶೇಯ ಐದು ಮಾತ್ರೆ, ಯೋವೇಲ ಐದು, ಆಮೋಸ ಐದು. ಓಬದ್ಯದಲ್ಲಿ ಒತ್ತಕ್ಷರದ ಹಿಂದಿನ 'ಬ' ಗುರುವಾಗುವುದರಿಂದ ಅದೂ ಐದೇ. ನಾಲ್ಕೂ ಎರಡು-ಮೂರಾಗಿ ಒಡೆಯುತ್ತವೆ: ತಕ-ತಕಿಟ, ತಕ-ತಕಿಟ. ಖಂಡಗತಿ ಅಲ್ಲೇ ಬಿದ್ದಿದೆ, ನಾವು ಎತ್ತಿಕೊಂಡರೆ ಆಯಿತು.

ಎರಡನೆಯ ಸಾಲಿನಲ್ಲಿ ಸ್ವಲ್ಪ ಕೈಚಳಕ ಬೇಕು. ಯೋನ, ಮೀಕ ಎರಡೂ ಮೂರೇ ಮಾತ್ರೆ. ಎಳೆಯಬೇಡಿ, ಪ್ರತಿಯೊಂದರ ಹಿಂದೆ ಎರಡು ಚಪ್ಪಾಳೆ ಇಡಿ. ಮುಂದಿನದು ನನಗೆ ಬಹಳ ಪ್ರಿಯವಾದ ಜಾಗ. ನಹೂಮ ನಾಲ್ಕು, ಹಬಕ್ಕೂಕ ಆರು. ಬಿಡಿಬಿಡಿಯಾಗಿ ಎರಡೂ ತಾಳಕ್ಕೆ ಒಗ್ಗವು. ಕೂಡಿಸಿದರೆ ಹತ್ತು. 'ನಹೂಮಹ' ಎಂದು ಒಂದು ಸುತ್ತು ಮುಗಿಸಿ, ಪೆಟ್ಟು ಸರಿಯಾಗಿ 'ಬಕ್ಕೂಕ'ದ ಮೇಲೆ ಬೀಳಲಿ. ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ಈ ಜೋಡಿಯನ್ನು ಮರೆಯುವುದೇ ಇಲ್ಲ. ಮೂರನೆಯ ಸಾಲಿನ ಚೆಫನ್ಯ, ಜೆಕರ್ಯ ನಾಲ್ಕು ನಾಲ್ಕು, ಹಿಂದೆ ಒಂದೊಂದು ಮಾತ್ರೆ ಮೌನ. ಹಗ್ಗಾಯ ಐದು. ಮಲಾಕಿಯ ಐದಾದರೂ ಒಡೆಯುವುದು ಮೂರು-ಎರಡಾಗಿ. ತಾಳ ತಿರುಗಿದ್ದು ಕಿವಿಗೆ ಗೊತ್ತಾಗುತ್ತದೆ, ಪಟ್ಟಿ ಮುಗಿಯಿತೆಂದು ಅದೇ ಹೇಳುತ್ತದೆ.

ಅಭಿನಯದಲ್ಲೂ ನನ್ನ ಹಠ ಒಂದಿದೆ. ಹೆಸರಿನ ಶಬ್ದಕ್ಕೆ ಅಭಿನಯ ಕಟ್ಟಬಾರದು, ಪುಸ್ತಕದಲ್ಲಿರುವುದಕ್ಕೆ ಕಟ್ಟಬೇಕು. ಹಗ್ಗಾಯ ಎಂದಾಗ ಹಗ್ಗ ಎಳೆಸುವ ಟೀಚರುಗಳಿದ್ದಾರೆ. ಆ ಪುಸ್ತಕ ದೇವಾಲಯವನ್ನು ಮತ್ತೆ ಕಟ್ಟಿ ಎನ್ನುತ್ತದೆ, ಮುಷ್ಟಿಯ ಮೇಲೆ ಮುಷ್ಟಿ ಇಟ್ಟರೆ ಗೋಡೆಯೇ ಆಯಿತು. ಆಮೋಸನಿಗೆ ನೂಲುಗುಂಡು ಇಳಿಬಿಟ್ಟ ಕೈ, ಏಳನೆಯ ಅಧ್ಯಾಯದ ದರ್ಶನದಂತೆ. ಹಬಕ್ಕೂಕನಿಗೆ ಹುಬ್ಬಿನ ಮೇಲೆ ಅಂಗೈ, ಏಕೆಂದರೆ ಅವನು ಕೋವರದಲ್ಲಿ ನಿಂತು ಉತ್ತರಕ್ಕೆ ಕಾಯುವವನು. ಮೀಕನಿಗೆ ಕೂಸು ತೂಗುವ ತೋಳು, ಬೇತ್ಲೆಹೇಮಿನ ಮಾತು ಅಲ್ಲಿದೆಯಲ್ಲ. ಎಲ್ಲ ಹನ್ನೆರಡಕ್ಕೂ ಅಭಿನಯ ಬೇಡ. ಕೈ ಗಡಿಬಿಡಿಯಾದರೆ ಬಾಯಿ ನಿಲ್ಲುತ್ತದೆ. ಸಾಲಿಗೆ ಒಂದೆರಡು ಸಾಕು.

ಈ ಅನುಕ್ರಮದಿಂದ ಮಕ್ಕಳಿಗೆ ಚರಿತ್ರೆಯೂ ಬರುತ್ತದೆ ಎನ್ನುವವರಿಗೆ ಒಂದು ಮಾತು. ಬರುವುದಿಲ್ಲ. ಆಮೋಸ ಹೋಶೇಯನಿಗಿಂತ ತುಸು ಮೊದಲಿನವನೆಂದೇ ಸಾಮಾನ್ಯವಾಗಿ ಎಣಿಸುತ್ತಾರೆ. ಹಳೆಯ ಗ್ರೀಕ್ ಭಾಷಾಂತರದಲ್ಲಿ ಮೊದಲ ಆರರ ಅನುಕ್ರಮವೇ ಬೇರೆ: ಹೋಶೇಯ, ಆಮೋಸ, ಮೀಕ, ಆಮೇಲೆ ಯೋವೇಲ, ಓಬದ್ಯ, ಯೋನ. ಯೆಹೂದ್ಯರು ಹನ್ನೆರಡನ್ನೂ ಸೇರಿಸಿ ಒಂದೇ ಪುಸ್ತಕವೆಂದು ಲೆಕ್ಕ ಹಾಕುತ್ತಾರೆ. ನಮ್ಮ ಹಾಡು ಪುಟ ಹುಡುಕುವುದಕ್ಕೆ, ಅಷ್ಟೇ.

ಹಾಗಾಗಿ ಪರೀಕ್ಷೆಯೂ ಪುಟದ್ದೇ ಇರಬೇಕು. "ನಹೂಮದ ಹಿಂದಿನದು ಯಾವುದು?" ಎಂದು ಕೇಳಿ. ತುಟಿಯಲ್ಲೇ ಹೋಶೇಯದಿಂದ ಪಿಟಿಪಿಟಿ ಶುರು ಮಾಡಿದರೆ ಹಾಡು ಇನ್ನೂ ಒಂದೇ ಉಂಡೆಯಾಗಿದೆ ಎಂದರ್ಥ. ಆಗ ಯೋನದಿಂದ ಶುರುಮಾಡಿಸಿ, ಇನ್ನೊಂದು ಭಾನುವಾರ ಚೆಫನ್ಯದಿಂದ. ಮೂರು ಸಾಲಿಗೆ ಮೂರು ಬಾಗಿಲು ಬಿದ್ದರೆ ಯಾವ ಹೆಸರಿಗೂ ಮೂರು ಹೆಜ್ಜೆಗಿಂತ ಹೆಚ್ಚು ನಡೆಯಬೇಕಿಲ್ಲ. ಆಮೇಲೆ ಸತ್ಯವೇದ ಕೈಗೆ ಕೊಟ್ಟು ಓಬದ್ಯ ತೆಗೆಸಿ. ಒಂದೇ ಅಧ್ಯಾಯ, 21 ವಚನ; ಹಾಳೆ ಜೋರಾಗಿ ತಿರುವಿದರೆ ಆಮೋಸದಿಂದ ನೇರ ಯೋನದಲ್ಲಿರುತ್ತೀರಿ. ಅಂಥಲ್ಲಿ "ಟೀಚರ್, ನನ್ನ ಬೈಬಲಲ್ಲಿ ಓಬದ್ಯ ಇಲ್ಲ" ಎನ್ನುವ ಮಗುವಿಗೆ ಉತ್ತರ ಹೇಳಬೇಡಿ. ಆಮೋಸ ಹಾಡಿಸಿ, ಯೋನ ಹಾಡಿಸಿ, ನಡುವಿನ ಹಾಳೆಯನ್ನು ಅದೇ ಬಿಡಿಸಲಿ.