ಕೋಲಾರದ ಕಲ್ಲಿಗೆ ಮರಳಿನ ಪಾಠ

ಬೋರ್‌ವೆಲ್ ಬತ್ತಿದರೆ ಓದಿದವರು ‘ಗ್ರಾನೈಟ್‌ನಲ್ಲಿ ಸರಂಧ್ರತೆ ಕಡಿಮೆ, ನೀರೆಲ್ಲಿಂದ ಬರಬೇಕು’ ಎನ್ನುತ್ತಾರೆ. ರಿಗ್ಗಿನವರು ‘ಇನ್ನೂ ಇನ್ನೂರು ಅಡಿ ಇಳಿಸೋಣ’ ಎನ್ನುತ್ತಾರೆ. ಜಗಳವಾಡುವಂತೆ ಕಂಡರೂ ಎರಡು ಮಾತಿನ ಬೇರೂ ಒಂದೇ: ನೀರು ಇರುವ ಜಾಗವೇ ನೀರು ಹರಿಯುವ ದಾರಿಯೂ ಹೌದೆಂಬ ನಂಬಿಕೆ. ನನ್ನ ತಕರಾರು ಅದರ ಮೇಲೆ.

ಈ ನಂಬಿಕೆ ಮರಳಿನಲ್ಲಿ ಹುಟ್ಟಿದ್ದು. 1856ರಲ್ಲಿ ಹೆನ್ರಿ ಡಾರ್ಸಿ ಪ್ರಕಟಿಸಿದ ಪ್ರಯೋಗಗಳು ಮರಳು ತುಂಬಿದ ಕೊಳವೆಯವು. ಮರಳಿನ ಕಣಗಳ ನಡುವಿನ ಸಂದು ನೀರನ್ನು ಇಟ್ಟುಕೊಳ್ಳುತ್ತದೆ, ಹರಿಯಲೂ ಬಿಡುತ್ತದೆ. ಜೇಡಿಯಲ್ಲೇ ಈ ಲೆಕ್ಕ ತಪ್ಪುತ್ತದೆ. ಅದರ ಗಾತ್ರದ ಅರ್ಧದಷ್ಟು ಖಾಲಿ ಜಾಗವಿದ್ದರೂ ಸಂದುಗಳು ಅತಿ ಕಿರಿದಾದ್ದರಿಂದ ನೀರು ಅಂಟಿಕೊಂಡೇ ಉಳಿಯುತ್ತದೆ. ವಿಜಯಪುರದ ಕಡೆಯ ಬಸಾಲ್ಟ್‌ನಲ್ಲಿ ಗುಳ್ಳೆಗಳಿದ್ದ ತೂತುಗಳು ಕಣ್ಣಿಗೇ ಕಾಣುತ್ತವೆ, ಆದರೆ ಒಂದಕ್ಕೊಂದು ಕೂಡಿಕೊಂಡಿರದಿದ್ದರೆ ಬಾವಿಗೆ ಹನಿಯೂ ಬಾರದು.

ಕೋಲಾರದ ಗಟ್ಟಿ ಕಲ್ಲಿನಲ್ಲಿ ಉಗ್ರಾಣ ಒಂದು ಕಡೆ, ದಾರಿ ಇನ್ನೊಂದು ಕಡೆ. ಮೇಲಿನ ಶಿಥಿಲ ಪದರ ನೀರನ್ನು ಕೂಡಿಡುತ್ತದೆ, ಕೆಳಗಿನ ಬಿರುಕು ಅದನ್ನು ಸಾಗಿಸುತ್ತದೆ. ಬಿರುಕಿನ ಅಗಲ ಎರಡರಷ್ಟಾದರೆ ಹಿಡಿಯುವ ನೀರು ಎರಡರಷ್ಟೇ, ಹರಿವು ಮಾತ್ರ ಸುಮಾರು ಎಂಟರಷ್ಟು. ಪಕ್ಕಪಕ್ಕದ ಎರಡು ಬೋರ್‌ಗಳಲ್ಲಿ ಒಂದಕ್ಕೆ ಮೂರು ಇಂಚು ನೀರು ಬಿದ್ದು ಇನ್ನೊಂದು ಫೇಲ್ ಆಗುವುದಕ್ಕೆ ಇಷ್ಟು ಸಾಕು, ತೆಂಗಿನಕಾಯಿ ಹಿಡಿದು ನಡೆಯಬೇಕಿಲ್ಲ.

‘ಹಾಗಾದರೆ ಒಳ್ಳೆಯ ಬಿರುಕು ಸಿಗುವವರೆಗೆ ಕೊರೆಯೋಣ’ ಎನ್ನಬಹುದು. ಆಳದಲ್ಲೂ ಬಿರುಕು ಸಿಗುವುದುಂಟು, ನಿಜ. ಆದರೆ ಮೇಲಿನ ಭಾರಕ್ಕೆ ಬಿರುಕುಗಳು ಸಾಮಾನ್ಯವಾಗಿ ಬಿಗಿಯುತ್ತವೆ, ವಿರಳವಾಗುತ್ತವೆ. ಇನ್ನು ಸಂಗ್ರಹದ ಲೆಕ್ಕ ನೋಡಿ. ಅಂತರ್ಜಲ ಅಂದಾಜಿಗೆ ನಮ್ಮಲ್ಲಿ ಬಳಸುವ ಮಾನದಂಡದಂತೆ, ಜೇಡಿ ಕಡಿಮೆಯಿರುವ ಶಿಥಿಲ ಗ್ರಾನೈಟ್ ಬಿಟ್ಟುಕೊಡುವುದು ಗಾತ್ರದ ಶೇ. 3, ಬಿರುಕು ಕಡಿಮೆಯಿರುವ ಇಡಿ ಬಂಡೆ ಶೇ. 0.3. ಒಂದು ಎಕರೆಯಲ್ಲಿ ಮಟ್ಟ ಒಂದು ಮೀಟರ್ ಇಳಿದರೆ ಮೊದಲನೆಯದರಿಂದ ಸುಮಾರು 1.2 ಲಕ್ಷ ಲೀಟರ್, ಎರಡನೆಯದರಿಂದ 12 ಸಾವಿರ. ಗಂಟೆಗೆ 3 ಸಾವಿರ ಲೀಟರ್ ಎತ್ತುವ ಪಂಪಿಗೆ ಅದು 40 ಗಂಟೆಯ ನೀರು, ಇದು ನಾಲ್ಕು ಗಂಟೆಯದು. ಬಿರುಕು ಅಕ್ಕಪಕ್ಕದ ಎಕರೆಗಳಿಂದಲೂ ಎಳೆಯುತ್ತದೆ, ಒಪ್ಪುತ್ತೇನೆ. ಆದರೆ ಮೇಲಿನ ಪದರ ಒಣಗಿದ್ದರೆ ಅಕ್ಕಪಕ್ಕದವರ ಎಕರೆಯಲ್ಲೂ ಕೊಡಲು ಹೆಚ್ಚೇನಿಲ್ಲ.

ಆದ್ದರಿಂದ ಕೊರೆದ ದಿನ ಚಿಮ್ಮಿದ ನೀರಿನ ಇಂಚು ದಾರಿಯ ಅಳತೆಯಷ್ಟೇ, ಉಗ್ರಾಣದ್ದಲ್ಲ. ಉಗ್ರಾಣ ತಿಳಿಯಲು ಪಂಪನ್ನು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿ ನೀರಿನ ಮಟ್ಟ ಅಳೆಯಬೇಕು. ಮಟ್ಟ ಒಂದೆಡೆ ನಿಂತರೆ ಬಿರುಕಿಗೆ ಮೇಲಿನಿಂದ ನೀರು ಸಿಗುತ್ತಿದೆ. ಇಳಿಯುತ್ತಲೇ ಹೋಗಿ, ಪಂಪ್ ನಿಲ್ಲಿಸಿದ ಮೇಲೂ ಹಳೆಯ ಮಟ್ಟಕ್ಕೆ ಏರದಿದ್ದರೆ ಆ ಬೋರ್ ಹೆಚ್ಚು ದಿನ ಬಾರದು. ಮೋಟಾರಿಗೆ ದುಡ್ಡು ಕಟ್ಟುವ ಮೊದಲು ಈ ಪರೀಕ್ಷೆಯನ್ನು ಕೇಳಿ ಮಾಡಿಸಿ.